ಗ್ರೂಪಿನಲ್ಲಿ ಬೇಡ: ಕೆಲಸದ ಜಾಗದ ಸೂಕ್ಷ್ಮ ವಿಷಯಕ್ಕೆ ಫೋನೋ, ಮೆಸೇಜೋ, ಇಮೇಲೋ?

ಕೊಳ್ಳೇಗಾಲ ತಾಲ್ಲೂಕಿನ ಕುಂತೂರು ಸಕ್ಕರೆ ಕಾರ್ಖಾನೆ ಇರುವ ಊರು. ಕಾರ್ಖಾನೆಯ ಆಚೆಗೆ ಶಾಲೆ, ಅಂಗನವಾಡಿ, ಹಾಲಿನ ಡೈರಿ, ಬ್ಯಾಂಕು ಹೀಗೆ ಹತ್ತಾರು ಕಡೆ ಸುತ್ತಲ ಹಳ್ಳಿಗಳ ಜನ ಕೆಲಸ ಮಾಡುತ್ತಾರೆ. ಇಂಥ ಊರುಗಳಲ್ಲಿ ಒಂದೇ ಕಡೆ ಕೆಲಸ ಮಾಡುವ ಇಬ್ಬರು ಬರೀ ಸಹೋದ್ಯೋಗಿಗಳಾಗಿ ಉಳಿಯುವುದಿಲ್ಲ. ಒಬ್ಬರ ತಂಗಿಯನ್ನು ಇನ್ನೊಬ್ಬರ ಅಣ್ಣನಿಗೆ ಕೊಟ್ಟಿರುತ್ತಾರೆ, ಇಲ್ಲವೇ ಜಮೀನಿನ ಬದು ಒಂದೇ ಆಗಿರುತ್ತದೆ. ಮೇಲಧಿಕಾರಿ ಬೆಳಿಗ್ಗೆ ಒಬ್ಬರನ್ನು ಗದರಿದರೆ ಸಂಜೆ ಹೊತ್ತಿಗೆ ಅದು ಟೀ ಅಂಗಡಿಗೆ ತಲುಪಿರುತ್ತದೆ. ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ ತಪ್ಪಾಗಿ ಕಳಿಸಿದ ಒಂದು ಮೆಸೇಜಿನಿಂದ ಆಗುವ ನಷ್ಟ ಒಂದು ತೂಕದ್ದಾದರೆ, ಇಲ್ಲಿ ಅದರ ತೂಕವೇ ಬೇರೆ. ಇಲ್ಲಿ ಕೆಲಸ ಬಿಟ್ಟರೂ ಊರು ಬಿಡಲಾಗುವುದಿಲ್ಲ.

ಆದ್ದರಿಂದ ಸೂಕ್ಷ್ಮ ವಿಷಯವನ್ನು ಫೋನ್ ಮಾಡಿ ಹೇಳಬೇಕೋ, ವಾಟ್ಸ್‌ಆ್ಯಪ್‌ನಲ್ಲಿ ಹಾಕಬೇಕೋ, ಇಮೇಲ್ ಬರೆಯಬೇಕೋ ಎಂಬ ಪ್ರಶ್ನೆ ನಗರದವರಿಗಿಂತ ನಮಗೇ ಹೆಚ್ಚು ಮುಖ್ಯ. ಸೂಕ್ಷ್ಮ ವಿಷಯ ಎಂದರೆ ಏನೋ ದೊಡ್ಡದು ಎಂದು ಭಾವಿಸಬೇಕಿಲ್ಲ. ಲೆಕ್ಕದಲ್ಲಿ ವ್ಯತ್ಯಾಸ ಬಂದಿರುವುದು, ಜೊತೆಯವರು ಪದೇ ಪದೇ ತಡವಾಗಿ ಬರುವುದು, ಹೇಳಿದ ಸಂಬಳ ಕೈಗೆ ಬಾರದಿರುವುದು, ರಜೆ ಕೊಡದಿರುವುದು, ಯಾರದೋ ಮಾತು ಅಥವಾ ವರ್ತನೆ ಸಹಿಸಲಾಗದಂತಿರುವುದು, ಇವೆಲ್ಲ ಅದರಲ್ಲಿ ಸೇರುತ್ತವೆ. ಹೇಳದೆ ಇರಲಾಗದು, ಹೇಳಿದರೆ ಒಬ್ಬರ ಮುಖ ಬಾಡುತ್ತದೆ. ಹಾಗಿರುವುದೆಲ್ಲ ಸೂಕ್ಷ್ಮವೇ.

ಒಂದು ಸಂದರ್ಭವನ್ನೇ ಹಿಡಿದು ನೋಡೋಣ. ಇದು ನಡೆದ ಘಟನೆಯಲ್ಲ, ಉದಾಹರಣೆಗೆಂದು ಕಟ್ಟಿಕೊಂಡದ್ದು. ಆದರೆ ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಪರಿಚಿತವಾಗಿಯೇ ಇರುತ್ತದೆ.

ಒಂದರಿಂದ ಏಳನೇ ತರಗತಿವರೆಗಿನ ಒಂದು ಹಿರಿಯ ಪ್ರಾಥಮಿಕ ಶಾಲೆ. ಬಿಸಿಯೂಟದ ದಾಸ್ತಾನು ನೋಡಿಕೊಳ್ಳುತ್ತಿದ್ದ ಶಿಕ್ಷಕರಿಗೆ ವರ್ಗವಾಗಿದೆ. ಅವರ ಚಾರ್ಜನ್ನು ಹೊಸದಾಗಿ ಬಂದ ಶಿಕ್ಷಕಿ ವಹಿಸಿಕೊಳ್ಳಬೇಕು. ಮುಖ್ಯ ಶಿಕ್ಷಕರು ರಜೆಯ ಮೇಲೆ ಮೈಸೂರಿನಲ್ಲಿದ್ದಾರೆ, ಸೋಮವಾರ ಬರುತ್ತಾರೆ. ಸೋಮವಾರವೇ ಚಾರ್ಜ್ ಪಟ್ಟಿಗೆ ಸಹಿ ಆಗಬೇಕು. ಶನಿವಾರ ಮಕ್ಕಳು ಹೋದ ಮೇಲೆ ಶಿಕ್ಷಕಿ ಕೋಣೆಯ ಬೀಗ ತೆಗೆಸಿ ಅಕ್ಕಿ ತೂಗಿಸುತ್ತಾರೆ. ದಾಸ್ತಾನು ವಹಿಯ ಪ್ರಕಾರ 320 ಕಿಲೋ ಇರಬೇಕು. ಕೋಣೆಯಲ್ಲಿ ಇರುವುದು 260 ಕಿಲೋ. 60 ಕಿಲೋ ಕಡಿಮೆ.

ಈಗ ಅವರ ಕೈಯಲ್ಲಿ ಫೋನಿದೆ. ಶಾಲೆಯ ಹೆಸರಿನದೊಂದು ವಾಟ್ಸ್‌ಆ್ಯಪ್ ಗ್ರೂಪು ಇದೆ. ಅದರಲ್ಲಿ ಶಿಕ್ಷಕರಿದ್ದಾರೆ, ಎಸ್‌ಡಿಎಂಸಿ ಅಧ್ಯಕ್ಷರಿದ್ದಾರೆ, ಸಿಆರ್‌ಪಿಯೂ ಇದ್ದಾರೆ. ತೂಕದ ಫೋಟೋ ತೆಗೆದು, ‘ಅಕ್ಕಿ 60 ಕೆಜಿ ಕಮ್ಮಿ ಇದೆ. ದಯವಿಟ್ಟು ಗಮನಿಸಿ’ ಎಂದು ಹಾಕಿಬಿಡುವುದು ಅತ್ಯಂತ ಸುಲಭ. ಅದರಲ್ಲಿ ಸುಳ್ಳಿಲ್ಲ, ಬೈಗುಳವಿಲ್ಲ, ‘ದಯವಿಟ್ಟು’ ಕೂಡ ಇದೆ. ಆದರೆ ಓದುವವರ ತಲೆಯಲ್ಲಿ ಆ ವಾಕ್ಯ ‘ಅಕ್ಕಿ ಕಳವಾಗಿದೆ’ ಎಂದೇ ಕೇಳಿಸುತ್ತದೆ. ಯಾರು ಕದ್ದರು ಎಂಬ ಪ್ರಶ್ನೆಗೆ ಊರು ತಾನೇ ಉತ್ತರ ಕಂಡುಕೊಳ್ಳುತ್ತದೆ. ಬಹುಪಾಲು ಆ ಉತ್ತರ ಎಲ್ಲರಿಗಿಂತ ಕಡಿಮೆ ಸಂಬಳ ತೆಗೆದುಕೊಳ್ಳುವ ಅಡುಗೆಯಾಕೆಯ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಆಕೆ ಆ ಗ್ರೂಪಿನಲ್ಲೇ ಇರುವುದಿಲ್ಲ. ತನ್ನ ಮಾತು ಹೇಳಿಕೊಳ್ಳಲು ಜಾಗವೇ ಇಲ್ಲದವರ ಮೇಲೆ ಮೊದಲ ಅನುಮಾನ ಬರುತ್ತದೆ.

ಆ 60 ಕಿಲೋ ಎಲ್ಲಿ ಹೋಗಿರಬಹುದು? ಸರ್ಕಾರದ ಮಾನದಂಡದಂತೆ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಅದರ ಮೇಲಿನ ತರಗತಿಯ ಮಗುವಿಗೆ 150 ಗ್ರಾಂ. ನಮ್ಮ ಉದಾಹರಣೆಯ ಶಾಲೆಯಲ್ಲಿ ಚಿಕ್ಕ ಮಕ್ಕಳು 70, ದೊಡ್ಡವರು 40 ಎಂದಿಟ್ಟುಕೊಳ್ಳಿ. ಆಗ ದಿನಕ್ಕೆ 7 ಕಿಲೋ ಮತ್ತು 6 ಕಿಲೋ, ಒಟ್ಟು 13 ಕಿಲೋ ಖರ್ಚು. ವರ್ಗವಾದ ಶಿಕ್ಷಕರು ಓಡಾಟದ ಗಡಿಬಿಡಿಯಲ್ಲಿ ಕೊನೆಯ ನಾಲ್ಕು ದಿನದ ಖರ್ಚು ಬರೆಯದೆ ಬಿಟ್ಟಿದ್ದರೆ ಅಲ್ಲಿಗೇ 52 ಕಿಲೋ ಆಯಿತು. ಇನ್ನು ಉಳಿದದ್ದು 8 ಕಿಲೋ. 50 ಕಿಲೋ ಎಂದು ಬಂದ ಮೂಟೆಗಳಲ್ಲಿ ತಲಾ ಒಂದೆರಡು ಕಿಲೋ ಕಡಿಮೆ ಇದ್ದು, ಇಳಿಸಿಕೊಳ್ಳುವಾಗ ತೂಗದೆ ಮೂಟೆ ಎಣಿಸಿ ಬರೆದುಕೊಂಡಿದ್ದರೆ ಅದೂ ಸರಿಹೋಯಿತು. ಇಲ್ಲವೇ ಪಕ್ಕದ ಊರಿನ ಶಾಲೆಯಲ್ಲಿ ಅಕ್ಕಿ ಮುಗಿದು, ಮುಖ್ಯ ಶಿಕ್ಷಕರ ಬಾಯಿಮಾತಿನ ಮೇಲೆ ಒಂದು ಮೂಟೆ ಕೊಟ್ಟಿರಬಹುದು. ನಿಜವಾಗಿ ಕಳವೂ ಆಗಿರಬಹುದು. ಶನಿವಾರ ಮಧ್ಯಾಹ್ನ ಶಿಕ್ಷಕಿಗೆ ಇದರಲ್ಲಿ ಯಾವುದೆಂದು ಗೊತ್ತಿಲ್ಲ. ಕಾರಣ ಗೊತ್ತಿಲ್ಲದ ಹೊತ್ತಿನಲ್ಲಿ ಬೇಕಾದದ್ದು ಕೇಳುವ ದಾರಿಯೇ ಹೊರತು ಸಾರುವ ದಾರಿಯಲ್ಲ.

ಕೇಳುವುದಕ್ಕೆ ಫೋನಿನಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ, ಎದುರಿಗೆ ಕೂತು ಮಾತಾಡಲು ಆಗದಿದ್ದಾಗ. ಅದಕ್ಕೆ ಕಾರಣ ದನಿ. ‘ಸಾರ್, ವಹಿಯಲ್ಲಿ ಇರೋದಕ್ಕೂ ಕೋಣೇಲಿ ಇರೋದಕ್ಕೂ ತಾಳೆ ಆಗ್ತಾ ಇಲ್ಲ. ನಾನೇ ಏನಾದ್ರೂ ನೋಡ್ದೆ ಬಿಟ್ಟಿದ್ದೀನಾ?’ ಎಂದು ಶಿಕ್ಷಕಿ ಕೇಳಿದರೆ ಆಕೆ ಆರೋಪ ಮಾಡುತ್ತಿಲ್ಲ ಎಂಬುದು ಮೊದಲ ಮೂರು ಪದಗಳಲ್ಲೇ ಆ ಕಡೆಯವರಿಗೆ ಗೊತ್ತಾಗುತ್ತದೆ. ಆ ಕಡೆಯವರು ಒಂದು ಕ್ಷಣ ತಡೆದರೆ ಈಕೆಗೂ ಗೊತ್ತಾಗುತ್ತದೆ. ಅವರು ಬೇಸರ ಮಾಡಿಕೊಂಡರೆ ಅಲ್ಲೇ ಮಾತು ತಿದ್ದಿಕೊಳ್ಳಬಹುದು. ಅದೇ ವಾಕ್ಯಗಳನ್ನು ಮೆಸೇಜಿನಲ್ಲಿ ಕಳಿಸಿದರೆ, ಓದುವವರು ತಮ್ಮ ಆ ಹೊತ್ತಿನ ಮನಸ್ಸಿಗೆ ತಕ್ಕ ದನಿಯನ್ನು ಅದಕ್ಕೆ ಹಚ್ಚಿಕೊಂಡು ಓದುತ್ತಾರೆ.

ಇದು ಬರೀ ಅನುಭವದ ಮಾತಲ್ಲ. ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಜೊತೆಯವರು ಅಮೆರಿಕದಲ್ಲಿ ಮಾಡಿದ ಪ್ರಯೋಗಗಳ ವರದಿ 2005ರಲ್ಲಿ ಪ್ರಕಟವಾಯಿತು. ಕೆಲವು ವಾಕ್ಯಗಳನ್ನು ವ್ಯಂಗ್ಯವಾಗಿ, ಕೆಲವನ್ನು ನಿಜವಾಗಿ ಹೇಳುವಂತೆ ಜನರಿಗೆ ಕೊಟ್ಟರು. ಕೆಲವರು ಇಮೇಲ್‌ನಲ್ಲಿ, ಕೆಲವರು ದನಿಯಲ್ಲಿ ಅವನ್ನು ದಾಟಿಸಿದರು. ಎರಡೂ ಗುಂಪಿನವರು, ನೂರಕ್ಕೆ ಸುಮಾರು 78 ಸಲ ನಮ್ಮ ಮಾತಿನ ಭಾವ ಸರಿಯಾಗಿ ತಿಳಿಯುತ್ತದೆ ಎಂದುಕೊಂಡಿದ್ದರು. ದನಿ ಕೇಳಿದವರು 73ರಷ್ಟು ಸರಿಯಾಗಿ ಗುರುತಿಸಿದರು. ಇಮೇಲ್ ಓದಿದವರು ಸರಿಯಾಗಿ ಗುರುತಿಸಿದ್ದು 56ರಷ್ಟು ಮಾತ್ರ. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿ ಹೇಳಿದರೂ ನೂರಕ್ಕೆ 50 ಸರಿ ಬರುತ್ತದೆ ಎಂಬುದನ್ನು ಜೊತೆಗಿಟ್ಟು ನೋಡಿ. ಇದರಲ್ಲಿ ನನಗೆ ಮುಖ್ಯ ಅನಿಸುವುದು ಓದಿದವರು ತಪ್ಪಿದರು ಎಂಬುದಲ್ಲ. ಬರೆದವರಿಗೆ ಅದರ ಸುಳಿವೇ ಇರಲಿಲ್ಲ ಎಂಬುದು. ಬರೆಯುವಾಗ ನಮ್ಮ ದನಿ ನಮ್ಮ ಕಿವಿಗೆ ಕೇಳುತ್ತಿರುತ್ತದೆ, ಓದುವವರಿಗೂ ಕೇಳಿಸುತ್ತದೆ ಎಂದೇ ನಂಬಿರುತ್ತೇವೆ.

ಆದರೆ ಫೋನಿಗೂ ಅದರದೇ ಅಪಾಯಗಳಿವೆ. ಫೋನ್ ಎತ್ತಿದವರು ಬಸ್ಸಿನಲ್ಲಿ ನಿಂತಿರಬಹುದು, ಬೈಕ್ ನಿಲ್ಲಿಸಿ ಮಾತಾಡುತ್ತಿರಬಹುದು, ಮನೆಯಲ್ಲಿ ಸ್ಪೀಕರ್ ಹಾಕಿಟ್ಟು ಊಟ ಮಾಡುತ್ತಿರಬಹುದು. ಹಳ್ಳಿ ಕಡೆ ಸ್ಪೀಕರ್ ಹಾಕಿ ಮಾತಾಡುವುದು ಎಷ್ಟು ಸಾಮಾನ್ಯ ಎಂದು ಎಲ್ಲರಿಗೂ ಗೊತ್ತು. ಆದ್ದರಿಂದ ಸೂಕ್ಷ್ಮ ವಿಷಯಕ್ಕೆ ನೇರವಾಗಿ ಫೋನ್ ಮಾಡುವ ಬದಲು ಮೊದಲು ಅವರೊಬ್ಬರಿಗೇ ಒಂದು ಮೆಸೇಜು ಕಳಿಸುವುದು ಒಳ್ಳೆಯದು: ‘ನಮಸ್ತೆ ಸಾರ್. ದಾಸ್ತಾನಿನ ವಿಚಾರವಾಗಿ ಹತ್ತು ನಿಮಿಷ ಮಾತಾಡಬೇಕಿತ್ತು. ಗಾಬರಿ ಏನಿಲ್ಲ. ನೀವು ಬಿಡುವಾಗಿ ಒಬ್ಬರೇ ಇರುವಾಗ ತಿಳಿಸಿ, ಮಾಡುತ್ತೇನೆ.’ ವಾಟ್ಸ್‌ಆ್ಯಪ್ ನಿಜವಾಗಿ ಕೆಲಸಕ್ಕೆ ಬರುವ ಜಾಗ ಇದು. ವಿಷಯದ ತಲೆಬರಹ ಹೇಳಿ, ಸಮಯ ಕೇಳಬೇಕು. ‘ಸಾರ್ ಒಂದು ವಿಷಯ ಮಾತಾಡಬೇಕು’ ಎಂದಷ್ಟೇ ಕಳಿಸಿ ಸುಮ್ಮನಾದರೆ ಆ ಕಡೆಯವರು ಸಂಜೆವರೆಗೂ ಏನೇನೋ ಊಹಿಸಿಕೊಂಡು ಕೊರಗುತ್ತಾರೆ. ವಿಷಯ ಯಾವುದು ಎಂಬ ಎರಡು ಪದ ಇರಲೇಬೇಕು, ಆರೋಪ ಇರಕೂಡದು.

ಇನ್ನೊಂದು ತೊಡಕು ನಮ್ಮ ಭಾಗಕ್ಕೆ ಸೇರಿದ್ದು. ಹನೂರು ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ, ಮಹದೇಶ್ವರ ಬೆಟ್ಟದ ಸುತ್ತಿನ ಪೋಡುಗಳಲ್ಲಿ ಕೆಲಸ ಮಾಡುವವರಿಗೆ ಫೋನ್ ಯಾವಾಗಲೂ ಸಿಗುವುದಿಲ್ಲ. ಮೆಸೇಜಿನ ಪಕ್ಕ ಒಂದೇ ಟಿಕ್ ಇದ್ದರೆ ಅದು ಇನ್ನೂ ಅವರ ಫೋನಿಗೆ ತಲುಪಿಲ್ಲ ಎಂದರ್ಥ. ಎರಡು ಟಿಕ್ ಬಂದರೆ ಫೋನಿಗೆ ತಲುಪಿದೆ, ಅವರಿಗೆ ತಲುಪಿದೆ ಎಂದೇನಲ್ಲ. ನೀಲಿ ಬಂದರೆ ಅವರ ಫೋನಿನಲ್ಲಿ ಆ ಚಾಟ್ ತೆರೆದುಕೊಂಡಿದೆ, ತೆರೆದವರು ಮಗನೋ ಮಗಳೋ ಇರಬಹುದು. ನೀಲಿ ಟಿಕ್ ಕಾಣಿಸದಂತೆ ಮಾಡಿಟ್ಟವರೂ ಇರುತ್ತಾರೆ. ‘ನೋಡಿಯೂ ಉತ್ತರ ಕೊಟ್ಟಿಲ್ಲ’ ಎಂದು ಟಿಕ್ ನೋಡಿ ಸಿಟ್ಟಾಗುವವರು ಇದನ್ನು ನೆನಪಿಡಬೇಕು. ಪೊಲೀಸ್ ನೋಟಿಸಿನ ವಿಷಯದಲ್ಲಿ ವಾಟ್ಸ್‌ಆ್ಯಪ್ ತಲುಪಿದ್ದೇ ಸಾಕು ಎನ್ನಲು ಸುಪ್ರೀಂ ಕೋರ್ಟ್ ಕೂಡ ಒಪ್ಪಿಲ್ಲ. ವಿಚಾರಣೆಗೆ ಹಾಜರಾಗಿ ಎಂದು ಪೊಲೀಸರು ಕೊಡುವ ನೋಟಿಸನ್ನು ಕಾನೂನು ಹೇಳಿದ ಕ್ರಮದಲ್ಲೇ ಕೊಡಬೇಕು, ಅದರ ಬದಲಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಂತಿಲ್ಲ ಎಂದು 2025ರ ಜನವರಿಯಲ್ಲಿ ಅದು ಹೇಳಿತು.

ಶಿಕ್ಷಕಿಯ ಕಡೆಗೆ ಬರೋಣ. ಮುಖ್ಯ ಶಿಕ್ಷಕರು ಸಂಜೆ ಫೋನಿಗೆ ಸಿಕ್ಕರು. ‘ಓ, ಅವರು ಕೊನೇ ವಾರದ ಖರ್ಚು ಹಾಕಿಲ್ಲ ಅನ್ಸುತ್ತೆ ಮೇಡಂ. ಏನೂ ತೊಂದರೆ ಇಲ್ಲ, ನೀವು ಸೈನ್ ಹಾಕಿ, ಆಮೇಲೆ ಸರಿ ಮಾಡ್ಕೊಳ್ಳೋಣ’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು ಎಂದುಕೊಳ್ಳಿ. ಇಲ್ಲಿಗೆ ಫೋನಿನ ಕೆಲಸ ಮುಗಿಯಿತು, ಬರಹದ ಕೆಲಸ ಶುರುವಾಯಿತು. ಚಾರ್ಜ್ ಪಟ್ಟಿಯಲ್ಲಿ 320 ಕಿಲೋ ಎಂದಿದ್ದು ಅದಕ್ಕೆ ಸಹಿ ಹಾಕಿದರೆ, ಮುಂದೆ ತಪಾಸಣೆಗೆ ಬಂದವರು 260 ಕಿಲೋ ಕಂಡಾಗ ಉತ್ತರ ಕೊಡಬೇಕಾದವರು ಸಹಿ ಹಾಕಿದವರು. ‘ಆಮೇಲೆ ಸರಿ ಮಾಡ್ಕೊಳ್ಳೋಣ’ ಎಂದ ಫೋನ್ ಮಾತು ಆಗ ಎಲ್ಲಿಯೂ ಇರುವುದಿಲ್ಲ. ಶಿಕ್ಷಕಿಯ ಕಾಲ್ ಲಾಗ್‌ನಲ್ಲಿ ಶನಿವಾರ ಸಂಜೆ ಇಷ್ಟು ಹೊತ್ತಿಗೆ ಇಷ್ಟು ನಿಮಿಷ ಮಾತಾಡಿದರು ಎಂದಿರುತ್ತದೆಯೇ ಹೊರತು ಏನು ಮಾತಾಡಿದರು ಎಂದಿರುವುದಿಲ್ಲ. ಯಾರೂ ಸುಳ್ಳು ಹೇಳಬೇಕಾಗಿಯೂ ಇಲ್ಲ. ಮೂರು ತಿಂಗಳು ಕಳೆದರೆ ಇಬ್ಬರಿಗೂ ಬೇರೆ ಬೇರೆ ನೆನಪು ಉಳಿದಿರುತ್ತದೆ.

ಹಾಗಾಗಿ ಅದೇ ರಾತ್ರಿ ಆಕೆ ಶಾಲೆಯ ಇಮೇಲ್ ವಿಳಾಸಕ್ಕೆ, ಮುಖ್ಯ ಶಿಕ್ಷಕರ ಹೆಸರಿಗೆ ಒಂದು ಇಮೇಲ್ ಬರೆಯಬೇಕು. ಅದು ಸುಮಾರು ಹೀಗಿರಬಹುದು:

‘ವಿಷಯ: ಬಿಸಿಯೂಟ ಅಕ್ಕಿ ದಾಸ್ತಾನು, ಚಾರ್ಜ್ ವಹಿಸಿಕೊಳ್ಳುವ ಬಗ್ಗೆ.

ಮಾನ್ಯರೇ, ಇಂದು ಸಂಜೆ ಫೋನಿನಲ್ಲಿ ಮಾತಾಡಿದಂತೆ ಈ ಪತ್ರ. ಇಂದು ಮಧ್ಯಾಹ್ನ ಅಡುಗೆ ಸಿಬ್ಬಂದಿಯ ಎದುರು ತೂಗಿದಾಗ ಅಕ್ಕಿ 260 ಕಿಲೋ ಇತ್ತು. ದಾಸ್ತಾನು ವಹಿಯಲ್ಲಿ 320 ಕಿಲೋ ಎಂದಿದೆ. ಕೊನೆಯ ವಾರದ ಖರ್ಚು ವಹಿಯಲ್ಲಿ ನಮೂದಾಗದೆ ಇರಬಹುದು ಎಂದು ತಾವು ತಿಳಿಸಿದಿರಿ. ಆ ದಿನಗಳ ಮಕ್ಕಳ ಹಾಜರಾತಿ ನೋಡಿ ಖರ್ಚು ನಮೂದಿಸಿದ ಮೇಲೆ ಉಳಿಯುವ ದಾಸ್ತಾನಿಗೆ ಸಹಿ ಮಾಡಲು ಅನುಮತಿ ಕೋರುತ್ತೇನೆ. ನಾನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ದಯವಿಟ್ಟು ತಿಳಿಸಿ.’

ಇದರಲ್ಲಿ ಏನಿಲ್ಲ ಎಂಬುದನ್ನು ಗಮನಿಸಿ. ವರ್ಗವಾದ ಶಿಕ್ಷಕರ ಹೆಸರಿಲ್ಲ. ‘ಕೊರತೆ’, ‘ಅಕ್ರಮ’, ‘ಬೇಜವಾಬ್ದಾರಿ’ ಇಲ್ಲ. ಎರಡು ತೂಕ, ಅವು ಎಲ್ಲಿಂದ ಬಂದವು, ಫೋನಿನಲ್ಲಿ ಏನು ಮಾತಾಯಿತು, ಮುಂದೆ ಏನು ಮಾಡಬೇಕೆಂದಿದ್ದೇನೆ, ಇಷ್ಟೇ ಇದೆ. ಕೊನೆಯ ವಾಕ್ಯ ಆ ಕಡೆಯವರಿಗೆ ಒಂದು ಬಾಗಿಲು ತೆರೆದಿಡುತ್ತದೆ. ಅವರು ತಿದ್ದಬಹುದು. ತಿದ್ದದಿದ್ದರೆ ಆ ಮಾತು ನಡೆದದ್ದು ಹೀಗೆಯೇ ಎಂಬುದಕ್ಕೆ ಆ ಪತ್ರದಿಂದ ಬಲ ಬರುತ್ತದೆ. ಮೊದಲು ಫೋನ್ ಮಾಡಿರದೆ ಇದೇ ಇಮೇಲ್ ನೇರವಾಗಿ ಬಂದಿದ್ದರೆ ಮುಖ್ಯ ಶಿಕ್ಷಕರು ಅದನ್ನು ದೂರು ಎಂದೇ ಓದುತ್ತಿದ್ದರು. ಮಾತಾಡಿದ ಮೇಲೆ ಬಂದದ್ದರಿಂದ ಅದು ನಡಾವಳಿಯ ಹಾಗೆ ಕಾಣುತ್ತದೆ. ಒಂದೇ ಪತ್ರ, ಕ್ರಮ ಬದಲಾದರೆ ಅರ್ಥ ಬದಲಾಗುತ್ತದೆ.

ಬಿಇಒ ಕಚೇರಿಗೂ ಒಂದು ಪ್ರತಿ ಹಾಕಿಬಿಡೋಣ ಎಂಬ ಆಸೆ ಇಲ್ಲಿ ಬರುತ್ತದೆ. ಬೇಡ. ಮೇಲಿನವರಿಗೆ ಪ್ರತಿ ಹಾಕುವುದು ಎಂದರೆ ಎದುರಿನವರ ಮೇಲೆ ನಂಬಿಕೆ ಇಲ್ಲವೆಂದು ಸಾರಿದಂತೆ. ಮುಖ್ಯ ಶಿಕ್ಷಕರು ಉತ್ತರವನ್ನೇ ಕೊಡದೆ, 320ಕ್ಕೇ ಸಹಿ ಹಾಕಿ ಎಂದು ಒತ್ತಾಯಿಸಿದರೆ ಆಗ ಮೇಲಿನವರಿಗೆ ಬರೆಯಬೇಕು, ಈ ಇಮೇಲನ್ನೇ ಅದರ ಜೊತೆ ಲಗತ್ತಿಸಬಹುದು. ಯಾರಿಗೂ ಕಾಣದಂತೆ ಗುಟ್ಟಾಗಿ ಪ್ರತಿ ಕಳಿಸುವ ಬಿಸಿಸಿ ಎಂಬ ಸೌಲಭ್ಯವನ್ನಂತೂ ಸೂಕ್ಷ್ಮ ವಿಷಯದಲ್ಲಿ ಬಳಸಲೇಬಾರದು. ಗುಟ್ಟಾಗಿ ಪ್ರತಿ ಪಡೆದವರು ಮರೆತು ‘ಎಲ್ಲರಿಗೂ ಉತ್ತರ’ ಒತ್ತಿದರೆ ಅಲ್ಲಿಗೆ ಗುಟ್ಟೂ ಹೋಯಿತು, ನಂಬಿಕೆಯೂ ಹೋಯಿತು.

‘ನಮಗೆಲ್ಲಿ ಇಮೇಲ್ ಅಭ್ಯಾಸ’ ಎನ್ನುವವರಿದ್ದಾರೆ. ನಿಜ. ನಮ್ಮ ಕಡೆ ಬಹಳ ಜನರಿಗೆ ಜಿಮೇಲ್ ಇರುವುದು ಫೋನ್ ಶುರು ಮಾಡಲು ಬೇಕಾಯಿತೆಂದು. ಅವರಿಗೆ ಹಳೆಯ ದಾರಿ ಈಗಲೂ ಇದೆ. ಎರಡು ಪ್ರತಿ ಬರೆದು, ಒಂದನ್ನು ಕಚೇರಿಯ ಟಪಾಲಿಗೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಸಮೇತ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬರುವುದು. ಇಮೇಲ್ ಮಾಡುವುದೂ ಇದನ್ನೇ, ಮುದ್ರೆಯ ಬದಲು ಸರ್ವರ್ ದಿನಾಂಕ ಹಾಕುತ್ತದೆ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ 2000 ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ಕೊಟ್ಟಿದೆ. ಅದು ಯಾವಾಗ ಕಳಿಸಿದಂತೆ, ಯಾವಾಗ ತಲುಪಿದಂತೆ ಎಂದು ಲೆಕ್ಕ ಹಿಡಿಯುವ ಬಗೆಯನ್ನೂ ಅದರ 13ನೇ ಕಲಂ ಹೇಳುತ್ತದೆ.

ಹಾಗಾದರೆ ವಾಟ್ಸ್‌ಆ್ಯಪ್ ದಾಖಲೆಯಲ್ಲವೇ? ದಾಖಲೆಯೇ. ಆದರೆ ಜನ ಅಂದುಕೊಂಡಷ್ಟು ಸಲೀಸಾದ ದಾಖಲೆಯಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ಫೋನಿನಲ್ಲಿರುವುದರ ನಕಲನ್ನು ಕೋರ್ಟಿಗೆ ಕೊಡಬೇಕಾದರೆ ನಿಗದಿತ ನಮೂನೆಯ ಪ್ರಮಾಣಪತ್ರ ಜೊತೆಗಿರಬೇಕು. ಹಳೆಯ ಕಾನೂನಿನಲ್ಲೂ ಇದು ಕಡ್ಡಾಯ, ಮೂಲ ಸಾಧನವನ್ನೇ ಹಾಜರುಪಡಿಸಿದರೆ ಮಾತ್ರ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಪ್ರಕರಣದಲ್ಲಿ ಹೇಳಿತ್ತು. ಬರೀ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಹಳೆಯ ಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟವರು ಇದನ್ನು ತಿಳಿದಿರುವುದು ಒಳ್ಳೆಯದು. ಮೇಲಾಗಿ ಮೆಸೇಜನ್ನು ಕಳಿಸಿದ 15 ನಿಮಿಷದೊಳಗೆ ತಿದ್ದಬಹುದು, ಎರಡು ದಿನದ ಆಚೆಗೂ ಕೆಲ ಗಂಟೆಗಳವರೆಗೆ ಎಲ್ಲರ ಫೋನಿನಿಂದ ಅಳಿಸಬಹುದು. ಅಳಿಸಿದ ಗುರುತು ಅಲ್ಲೇ ಉಳಿಯುತ್ತದೆ. ಸೂಕ್ಷ್ಮ ವಿಷಯದ ನಡುವೆ ಅಳಿಸಿದ ಗುರುತಿನಷ್ಟು ಅನುಮಾನ ಹುಟ್ಟಿಸುವುದು ಇನ್ನೊಂದಿಲ್ಲ.

ವಾಯ್ಸ್ ಮೆಸೇಜು ಇವೆಲ್ಲಕ್ಕಿಂತ ಕೆಟ್ಟದ್ದು ಎಂಬುದು ನನ್ನ ಅಭಿಪ್ರಾಯ. ಬರೆಯಲು ಬೇಸರವಾಗಿ ಸಿಟ್ಟಿನಲ್ಲಿ ಮೂರು ನಿಮಿಷ ಮಾತಾಡಿ ಕಳಿಸುತ್ತೇವೆ. ಫೋನ್ ಮಾತಿನಲ್ಲಾದರೆ ಎದುರಿನವರು ನಡುವೆ ಬಾಯಿ ಹಾಕಿ ನಮ್ಮನ್ನು ತಡೆಯುತ್ತಾರೆ. ಇಲ್ಲಿ ತಡೆಯುವವರಿಲ್ಲ. ಬರಹದಲ್ಲಾದರೆ ಒಮ್ಮೆ ಓದಿ ತಿದ್ದುತ್ತೇವೆ. ಇಲ್ಲಿ ಅದೂ ಇಲ್ಲ. ಸಿಟ್ಟಿನ ದನಿ ಹಾಗೇ ಉಳಿದು, ಫಾರ್ವರ್ಡ್ ಆಗಿ ಇನ್ನೊಂದು ಗ್ರೂಪಿನಲ್ಲಿ ಕೇಳಿಸುತ್ತದೆ.

ಬರಹ ಎಲ್ಲಿಗೆ ಬೇಕಾದರೂ ಹೋಗಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಎಲ್ಲರೂ ನೋಡಿದ ಒಂದು ಪ್ರಸಂಗವಿದೆ. 2017ರ ಆಗಸ್ಟ್‌ನಲ್ಲಿ ಇನ್ಫೋಸಿಸ್ ಸಂಸ್ಥಾಪಕ ಎನ್. ಆರ್. ನಾರಾಯಣ ಮೂರ್ತಿ ತಮ್ಮ ಕೆಲವು ಸಲಹೆಗಾರರಿಗೆ ಬರೆದ ಇಮೇಲ್ ಪತ್ರಿಕೆಗಳಲ್ಲಿ ಬಂತು. ಅಂದಿನ ಸಿಇಒ ವಿಶಾಲ್ ಸಿಕ್ಕಾ ಆ ಹುದ್ದೆಗೆ ತಕ್ಕವರಲ್ಲ, ತಂತ್ರಜ್ಞಾನ ಮುಖ್ಯಸ್ಥರ ಹುದ್ದೆಗೆ ಹೊಂದುವವರು ಎಂದು ಕಂಪನಿಯ ಕೆಲವು ಸ್ವತಂತ್ರ ನಿರ್ದೇಶಕರೇ ತಮಗೆ ಹೇಳಿದ್ದರು ಎಂಬ ಮಾತು ಅದರಲ್ಲಿತ್ತು. ಆಗಸ್ಟ್ 18ರಂದು ಸಿಕ್ಕಾ ರಾಜೀನಾಮೆ ಹೊರಬಿತ್ತು. ಈ ಪತ್ರವೂ ಸೇರಿದಂತೆ ಮೂರ್ತಿಯವರ ನಿರಂತರ ದಾಳಿಯೇ ಮುಖ್ಯ ಕಾರಣ ಎಂದು ಆಡಳಿತ ಮಂಡಳಿ ಬಹಿರಂಗವಾಗಿ ಹೇಳಿತು. ಮೂರ್ತಿ ಆ ಆರೋಪದಿಂದ ನೋವಾಗಿದೆ ಎಂದರು. ವಾರದೊಳಗೆ ಅಧ್ಯಕ್ಷರೂ ಹೋಗಿ ನಂದನ್ ನಿಲೇಕಣಿ ಆ ಜಾಗಕ್ಕೆ ಬಂದರು. ಯಾರು ಸರಿ ಎಂಬ ಚರ್ಚೆ ಇಲ್ಲಿ ಬೇಡ. ಒಬ್ಬ ಮನುಷ್ಯನ ಯೋಗ್ಯತೆಯ ಬಗ್ಗೆ ಮಾತಿನಲ್ಲಿ ಹೇಳಿದ್ದೆನ್ನಲಾದ ಸಂಗತಿ ಬರಹಕ್ಕೆ ಇಳಿಯಿತು, ಕೆಲವರಿಗಾಗಿ ಬರೆದದ್ದು ದೇಶಕ್ಕೆಲ್ಲ ಓದಲು ಸಿಕ್ಕಿತು. ಸಂಗತಿಗಳನ್ನು ಬರೆಯಬೇಕು, ವ್ಯಕ್ತಿಯ ಬಗೆಗಿನ ಅಭಿಪ್ರಾಯವನ್ನು ಬರೆಯುವ ಮುನ್ನ ಹತ್ತು ಸಲ ಯೋಚಿಸಬೇಕು ಎಂದು ನಾನು ಹೇಳುವುದು ಇದಕ್ಕೇ. ಅಕ್ಕಿಯ ತೂಕ ಸಂಗತಿ. ‘ಆ ಮೇಷ್ಟ್ರು ಲೆಕ್ಕದಲ್ಲಿ ಸರಿಯಿಲ್ಲ’ ಎನ್ನುವುದು ಅಭಿಪ್ರಾಯ.

ಮೊದಲು ಫೋನ್, ಆಮೇಲೆ ಬರಹ ಎಂಬ ಕ್ರಮಕ್ಕೆ ಮುಖ್ಯವಾದ ಅಪವಾದವೊಂದಿದೆ, ಅದನ್ನು ಬಿಡಿಸಿ ಹೇಳಲೇಬೇಕು. ಮೇಲಧಿಕಾರಿಯೋ ಜೊತೆಯವರೋ ಲೈಂಗಿಕ ಕಿರುಕುಳ ಕೊಡುತ್ತಿದ್ದರೆ ಅವರಿಗೇ ಫೋನ್ ಮಾಡಿ ‘ಯಾಕೆ ಹೀಗೆ ಮಾಡ್ತೀರಿ’ ಎಂದು ಕೇಳುವ ಹೊಣೆ ಹೆಣ್ಣುಮಗಳ ಮೇಲಿಲ್ಲ. 2013ರ ಕಾಯ್ದೆಯಂತೆ ಹತ್ತು ಜನ ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಜನ ಇರುವ ಕಡೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ದೂರು ಬರವಣಿಗೆಯಲ್ಲಿರಬೇಕು, ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಕಾಲ ಕೊಡಬಹುದು. ಬರೆಯಲು ಬಾರದವರಿಗೆ ಬರೆದುಕೊಡಲು ಸಮಿತಿಯವರೇ ನೆರವಾಗಬೇಕೆಂದು ಕಾನೂನೇ ಹೇಳುತ್ತದೆ. ಮೂರು ತಿಂಗಳ ಲೆಕ್ಕ ಇರುವುದರಿಂದ ಇಲ್ಲಿ ‘ಮೊದಲು ಮಾತಾಡಿ ನೋಡೋಣ’ ಎಂದು ದಿನ ದೂಡುವುದು ನಷ್ಟ. ಆ ಕಡೆಯಿಂದ ಬಂದ ಮೆಸೇಜುಗಳನ್ನು ಅಸಹ್ಯವಾದರೂ ಅಳಿಸಬಾರದು, ಆ ಫೋನನ್ನು ಕೈಬಿಡಬಾರದು. ದೂರುದಾರಳ ಹೆಸರು, ವಿಚಾರಣೆಯ ವಿವರಗಳನ್ನು ಬಹಿರಂಗಪಡಿಸುವುದನ್ನು ಅದೇ ಕಾಯ್ದೆಯ 16ನೇ ಕಲಂ ನಿಷೇಧಿಸುತ್ತದೆ. ಸಿಬ್ಬಂದಿ ಗ್ರೂಪಿನಲ್ಲಿ ‘ಯಾರಂತೆ, ಏನಂತೆ’ ಎಂದು ಹರಟುವವರು ಇದನ್ನು ಓದಿಕೊಳ್ಳಲಿ.

ಸುರಕ್ಷತೆಯ ವಿಷಯವೂ ಹೀಗೆಯೇ ಕ್ರಮ ತಪ್ಪಿಸುವಂಥದ್ದು, ಆದರೆ ಬೇರೆ ರೀತಿಯಲ್ಲಿ. ಯಂತ್ರದ ಬಳಿ ವೈರು ಬಿಚ್ಚಿಕೊಂಡಿದ್ದರೆ ಸಮಯ ಕೇಳುವ ಮೆಸೇಜೂ ಬೇಡ, ಇಮೇಲೂ ಬೇಡ. ಕೂಗಿ ಹೇಳಬೇಕು, ಸಿಗದಿದ್ದರೆ ಫೋನ್ ಮಾಡಬೇಕು, ಗ್ರೂಪಿನಲ್ಲೂ ಹಾಕಬೇಕು. ಬರೆಯುವುದು ಆಮೇಲೆ. ಸಂಬಳದ ವಿಷಯದಲ್ಲಿ ಒಂದು ಸಲ ಬಾಯಲ್ಲಿ ಕೇಳಿ, ಎರಡನೇ ಸಲಕ್ಕೆ ಬರೆಯಿರಿ. ಮೂರನೇ ಸಲವೂ ಬಾಯಲ್ಲೇ ಕೇಳುತ್ತಿದ್ದರೆ ನೀವು ಕೇಳಿಯೇ ಇರಲಿಲ್ಲ ಎನ್ನುವುದು ಅವರಿಗೆ ಸುಲಭವಾಗುತ್ತದೆ.

ಇಷ್ಟೆಲ್ಲ ಹೇಳಿದ್ದು ಕೆಳಗಿನವರಿಗೆ. ನಿಜ ಹೇಳಬೇಕೆಂದರೆ ಹೆಚ್ಚು ಬದಲಾಗಬೇಕಾದವರು ಮೇಲಿನವರು. ಕೆಳಗಿನವರು ಗ್ರೂಪಿನಲ್ಲಿ ತಪ್ಪು ಮೆಸೇಜು ಹಾಕುವುದು ಅಪರೂಪಕ್ಕೆ, ಭಯದಿಂದಲೋ ಗಡಿಬಿಡಿಯಿಂದಲೋ. ಮೇಲಿನವರು ಹಾಕುವುದು ದಿನವೂ. ‘ಇನ್ನೂ ಮಾಹಿತಿ ಕೊಡದವರು’ ಎಂದು ಹೆಸರುಗಳ ಪಟ್ಟಿ, ಕೆಂಪು ಬಣ್ಣದ ಗುರುತು, ‘ಯಾಕೆ ಇನ್ನೂ ಆಗಿಲ್ಲ, ಕಾರಣ ಕೊಡಿ’ ಎಂಬ ಒಂದು ಸಾಲು. ನೂರು ಜನರೆದುರು ಕಾರಣ ಕೇಳಿದರೆ ನಿಜವಾದ ಕಾರಣ ಯಾರೂ ಹೇಳುವುದಿಲ್ಲ. ಮನೆಯಲ್ಲಿ ಕಾಯಿಲೆ ಇರಬಹುದು, ಕಂಪ್ಯೂಟರ್ ಬಳಸಲು ಬಾರದಿರಬಹುದು, ಅದನ್ನು ಗ್ರೂಪಿನಲ್ಲಿ ಯಾರು ಬರೆಯುತ್ತಾರೆ? ‘ಕ್ಷಮಿಸಿ ಸಾರ್, ಇಂದೇ ಕಳಿಸುತ್ತೇನೆ’ ಎಂಬ ಉತ್ತರ ಬರುತ್ತದೆ, ಮಾಹಿತಿ ಮಾತ್ರ ಬರುವುದಿಲ್ಲ. ಅದೇ ವ್ಯಕ್ತಿಗೆ ಸಂಜೆ ಐದು ನಿಮಿಷ ಫೋನ್ ಮಾಡಿದರೆ ತೊಂದರೆ ಏನೆಂದು ಗೊತ್ತಾಗುತ್ತದೆ, ಪರಿಹಾರವೂ ಸಿಗುತ್ತದೆ.

ಆದ್ದರಿಂದ ಗ್ರೂಪಿನ ಅಡ್ಮಿನ್ ಆಗಿರುವ ಮುಖ್ಯ ಶಿಕ್ಷಕರಲ್ಲಿ, ಮೇಲ್ವಿಚಾರಕರಲ್ಲಿ, ಅಧಿಕಾರಿಗಳಲ್ಲಿ ಒಂದು ಕೋರಿಕೆ. ಸುತ್ತೋಲೆ, ಸಭೆಯ ದಿನಾಂಕ, ರಜೆಯ ಸೂಚನೆ ಗ್ರೂಪಿನಲ್ಲಿ ಹಾಕಿ. ಒಬ್ಬರ ಹೆಸರು ಹಿಡಿದು ಹೇಳಬೇಕಾದ ಯಾವ ಮಾತನ್ನೂ ಅಲ್ಲಿ ಹಾಕಬೇಡಿ. ಅವರಿಗೇ ಫೋನ್ ಮಾಡಿ, ಕೇಳಿ. ಮತ್ತೂ ಆಗದಿದ್ದರೆ ಅವರೊಬ್ಬರಿಗೇ ಬರೆಯಿರಿ. ಹಾಗೆಯೇ ಕೆಳಗಿನವರು ಮಾತಾಡಿದ ಮೇಲೆ ಒಂದು ಇಮೇಲ್ ಕಳಿಸಿದರೆ ಅದನ್ನು ಅಪನಂಬಿಕೆ ಎಂದು ತಿಳಿಯದೆ ‘ಹೌದು, ಹೀಗೆಯೇ ಮಾತಾಗಿದೆ’ ಎಂದು ಒಂದು ಸಾಲು ಉತ್ತರಿಸಿ. ಆ ಒಂದು ಸಾಲಿದ್ದರೆ ಶಿಕ್ಷಕಿ ಸೋಮವಾರ ನಾಲ್ಕು ದಿನದ ಖರ್ಚು ನಮೂದಿಸಿ, ಉಳಿದ 8 ಕಿಲೋ ವ್ಯತ್ಯಾಸವನ್ನೂ ಷರಾದಲ್ಲಿ ಬರೆದು, 260 ಕಿಲೋಗೆ ಸಹಿ ಹಾಕಬಹುದು.